ಫೋನಿನಲ್ಲಿ ಹಣತೆ ಬೇರೆಯಾಗಿ ಕಾಣುವುದೇಕೆ?

ಹಣ ಪಾವತಿಸಿದ ಕೂಡಲೇ ಆ್ಯಪ್‌ನಲ್ಲಿ ಹಸಿರು ವೃತ್ತವೊಂದು ಅರಳಿ ಅದರೊಳಗೆ ಸರಿ ಗುರುತು ಮೂಡುತ್ತದಲ್ಲ, ಅದನ್ನು ಹೆಚ್ಚಿನವರು ಪುಟ್ಟ ವಿಡಿಯೊ ಎಂದುಕೊಂಡಿರುತ್ತಾರೆ. ಎಷ್ಟೋ ಆ್ಯಪ್‌ಗಳಲ್ಲಿ ಅದು ವಿಡಿಯೊ ಅಲ್ಲ, ಬರೀ ಅಕ್ಷರ ಮತ್ತು ಅಂಕಿಗಳಿರುವ ಒಂದು ಕಡತ. ಈ ಬಿಂದುವಿನಿಂದ ಆ ಬಿಂದುವಿಗೆ ಗೆರೆ ಎಳೆ, ಈ ಬಣ್ಣ ತುಂಬು, ಹತ್ತನೇ ಫ್ರೇಮ್ ಹೊತ್ತಿಗೆ ಇಷ್ಟು ತಿರುಗಿಸು ಎಂಬ ಸೂಚನೆಗಳಷ್ಟೇ ಅದರಲ್ಲಿರುತ್ತವೆ. ಚಿತ್ರ ಬಿಡಿಸುವ ಕೆಲಸ ಫೋನಿನದು. ಈ ಬಗೆಯ ಕಡತಕ್ಕೆ ಲಾಟಿ ಎಂದು ಹೆಸರು.

ಚುಕ್ಕಿ ರಂಗೋಲಿಯನ್ನು ಬಾಯಲ್ಲಿ ಹೇಳಿಕೊಟ್ಟರೆ ಹೇಗೋ ಇದೂ ಹಾಗೆ. ಎಷ್ಟು ಚುಕ್ಕಿ, ಎಲ್ಲಿಂದ ಎಲ್ಲಿಗೆ ಗೆರೆ ಎಂದು ಹೇಳಿದರೆ ಸಾಕು, ದೊಡ್ಡ ಅಂಗಳದಲ್ಲಿ ದೊಡ್ಡದಾಗಿ, ಹೊಸ್ತಿಲ ಮುಂದೆ ಚಿಕ್ಕದಾಗಿ ಅದೇ ರಂಗೋಲಿ ಮೂಡುತ್ತದೆ. ಆದರೆ ಬಿಡಿಸುವವರಿಗೆ ಒಂದು ಎಳೆ ಗೊತ್ತಿಲ್ಲದಿದ್ದರೆ ಅದನ್ನು ಬಿಟ್ಟು ಮುಂದೆ ಹೋಗುತ್ತಾರೆ. ಲಾಟಿಯ ಅನುಕೂಲವೂ ತೊಂದರೆಯೂ ಇಲ್ಲಿಂದಲೇ ಬರುತ್ತವೆ. ಎಷ್ಟು ಹಿಗ್ಗಿಸಿದರೂ ಚಿತ್ರದ ಅಂಚು ಮಸುಕಾಗುವುದಿಲ್ಲ, ಕಡತವೂ ಹಗುರ. ಆದರೆ ಕಂಪ್ಯೂಟರಿನಲ್ಲಿ ಕಂಡದ್ದೇ ಆಂಡ್ರಾಯ್ಡ್‌ನಲ್ಲೂ ಐಫೋನಿನಲ್ಲೂ ಕಾಣುತ್ತದೆ ಎಂಬ ಖಾತರಿ ಇಲ್ಲ.

ಲಾಟಿಗೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ ಅಡೋಬಿಯ ಆಫ್ಟರ್ ಎಫೆಕ್ಟ್ಸ್ ತಂತ್ರಾಂಶ, ಅದರೊಳಗೆ ಹರ್ನಾನ್ ಟೊರಿಸಿ ಬರೆದ ಬಾಡಿಮೂವಿನ್ ಎಂಬ ವಿಸ್ತರಣೆ. ಆನಿಮೇಷನ್ನನ್ನು ಸೂಚನೆಗಳ ಕಡತವಾಗಿ ಹೊರತೆಗೆಯುವುದು ಇದು. ಇನ್ನೊಂದು ತುದಿಯಲ್ಲಿ ಆ ಕಡತವನ್ನು ಓದಿ ಬಿಡಿಸುವ ಪ್ಲೇಯರ್‌ಗಳು. ಆಂಡ್ರಾಯ್ಡ್ ಮತ್ತು ಐಫೋನ್‌ಗಳ ಪ್ಲೇಯರ್‌ಗಳನ್ನು ಏರ್‌ಬಿಎನ್‌ಬಿ ಕಂಪನಿ 2017ರಲ್ಲಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿತು. ನೆರಳು ಬೊಂಬೆಗಳಿಂದ 1926ರಲ್ಲೇ ಪೂರ್ಣಾವಧಿಯ ಆನಿಮೇಷನ್ ಚಿತ್ರ ತೆರೆಗೆ ತಂದ ಜರ್ಮನಿಯ ಲೊಟ್ಟೆ ರೈನಿಗರ್ ಅವರ ನೆನಪಿಗೆ ಆ ಹೆಸರಿಟ್ಟರು. ವೆಬ್‌ಗೆ ಒಂದು, ಆಂಡ್ರಾಯ್ಡ್‌ಗೆ ಒಂದು, ಐಫೋನಿಗೆ ಒಂದು ಎಂದು ಪ್ಲೇಯರ್‌ಗಳು ಬೇರೆ ಬೇರೆ. ಬರೆದವರೂ ಬೇರೆ, ಬಿಡಿಸಲು ಬಳಸುವ ಸಲಕರಣೆಯೂ ಬೇರೆ. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಇರುವುದನ್ನೆಲ್ಲ ಯಾವ ಪ್ಲೇಯರೂ ಬಿಡಿಸಲಾರದು. ಬಿಡಿಸಲಾಗದ್ದು ಎದುರಾದಾಗ ಅವು ಪರದೆಯ ಮೇಲೆ ಏನೂ ಹೇಳದೆ ಅದನ್ನು ದಾಟಿಹೋಗುತ್ತವೆ. ಅದಕ್ಕೇ ಈ ದೋಷಗಳು ಎಷ್ಟೋ ಸಲ ಬಳಕೆದಾರರ ಕಣ್ಣಿಗೆ ಬಿದ್ದ ಮೇಲಷ್ಟೇ ನಮಗೆ ಗೊತ್ತಾಗುತ್ತವೆ.

ಒಂದು ಉದಾಹರಣೆಯನ್ನು ಹಿಡಿದು ಕೊನೆಯವರೆಗೂ ಹೋಗೋಣ. ಕನ್ನಡದ ಆ್ಯಪ್ ಒಂದಕ್ಕೆ ದೀಪಾವಳಿ ಶುಭಾಶಯದ ಆನಿಮೇಷನ್ ಬೇಕಾಗಿದೆ ಎಂದುಕೊಳ್ಳಿ. ಕಂದು ಬಣ್ಣದ ಹಣತೆ, ಅಲುಗಾಡುವ ಜ್ವಾಲೆ, ಸುತ್ತ ಹಳದಿ ಬೆಳಕಿನ ವಲಯ, ಕೆಳಗೆ ‘ಹಬ್ಬದ ಶುಭಾಶಯ’ ಎಂಬ ಬರಹ. ಮೂರು ಸೆಕೆಂಡು, ಸೆಕೆಂಡಿಗೆ 30 ಫ್ರೇಮ್, ಒಟ್ಟು 90.

ಮೊದಲು ಅಳತೆ. ಫೋನಿನ ಪರದೆ 1080 ಪಿಕ್ಸೆಲ್ ಅಗಲವಿದೆ ಎಂದು ಕಂಪೋಸಿಷನ್ನನ್ನೂ 1080 ಮಾಡುವ ಅಭ್ಯಾಸ ಬಹಳ ಜನರಿಗಿದೆ. ಅದು ಬೇಡ. ಆಂಡ್ರಾಯ್ಡ್ ಪ್ಲೇಯರ್ ಆಫ್ಟರ್ ಎಫೆಕ್ಟ್ಸ್‌ನ ಒಂದು ಪಿಕ್ಸೆಲನ್ನು ಒಂದು ಡಿಪಿ ಎಂದು ಎಣಿಸುತ್ತದೆ. ಡಿಪಿ ಎಂದರೆ ಪರದೆಯ ಸಾಂದ್ರತೆಗೆ ತಕ್ಕಂತೆ ತಾನೇ ಹಿಗ್ಗುವ ಅಳತೆ. 1080 ಪಿಕ್ಸೆಲ್ ಅಗಲದ ಫೋನ್ ಸಾಮಾನ್ಯವಾಗಿ ಸುಮಾರು 360 ಡಿಪಿ ಅಗಲವಿರುತ್ತದೆ. ಹಾಗಾಗಿ ನಮ್ಮ ಹಣತೆಗೆ 360ಕ್ಕೆ 360ರ ಚೌಕ ಸಾಕು.

ಈಗ ಎಕ್ಸ್‌ಪೋರ್ಟ್. ಆಫ್ಟರ್ ಎಫೆಕ್ಟ್ಸ್‌ನ ಪ್ರಿಫರೆನ್ಸಸ್‌ನಲ್ಲಿ `Allow Scripts to Write Files and Access Network` ಎಂಬುದಕ್ಕೆ ಗುರುತು ಹಾಕಿರಬೇಕು, ಇಲ್ಲದಿದ್ದರೆ ಬಾಡಿಮೂವಿನ್‌ಗೆ ಕಡತ ಬರೆಯಲು ಅನುಮತಿ ಇರುವುದಿಲ್ಲ. ಇಲಸ್ಟ್ರೇಟರ್‌ನಿಂದ ತಂದ ಪದರಗಳಿದ್ದರೆ `Create Shapes from Vector Layer` ಮೂಲಕ ಅವನ್ನು ಶೇಪ್ ಪದರಗಳಾಗಿ ಮಾಡಿಕೊಳ್ಳಬೇಕು. ಪ್ರಾಜೆಕ್ಟ್ ಸೇವ್ ಮಾಡಿ, `Window > Extensions > Bodymovin` ತೆರೆದು, ಕಂಪೋಸಿಷನ್ ಆರಿಸಿ, ಉಳಿಸುವ ಜಾಗ ತೋರಿಸಿ `Render` ಒತ್ತಿದರೆ ಕಡತ ಸಿದ್ಧ. ಬ್ರೌಸರಿನಲ್ಲಿ ನೋಡಿದರೆ ಜ್ವಾಲೆ ಚೆನ್ನಾಗಿಯೇ ಅಲುಗಾಡುತ್ತಿರುತ್ತದೆ, ಹಣತೆಯ ಆಕಾರದಲ್ಲಿ ಮತ್ತು ಬರಹದಲ್ಲಿ ಮಾತ್ರ ಏನೋ ಎಡವಟ್ಟು ಕಾಣಬಹುದು. ಅದೇ ಕಡತವನ್ನು ಫೋನಿಗೆ ಹಾಕಿದರೆ ನಾಲ್ಕು ಕಡೆ ಕೆಟ್ಟಿರುತ್ತದೆ. ಹಣತೆಯ ಆಕಾರ ತಪ್ಪಿದೆ, ಜ್ವಾಲೆ ಅಲುಗಾಡುತ್ತಿಲ್ಲ, ಬೆಳಕಿನ ವಲಯ ಒರಟಾಗಿದೆ, ಕನ್ನಡ ಒಡೆದುಹೋಗಿದೆ.

ಕನ್ನಡದಿಂದಲೇ ಶುರುಮಾಡುತ್ತೇನೆ. ಇದು ನಮ್ಮ ಲಿಪಿಗಳಿಗೆ ವಿಶೇಷವಾಗಿ ಅಂಟಿದ ಸಮಸ್ಯೆ, ಇಂಗ್ಲಿಷ್ ಬರಹ ಮಾತ್ರ ಬಳಸುವವರಿಗೆ ಇದು ಎದುರಾಗುವುದೇ ಇಲ್ಲ. ಕಂಪ್ಯೂಟರಿನ ಒಳಗೆ ‘ಹಬ್ಬ’ ಎಂಬುದು ಹ, ಬ, ವಿರಾಮ ಚಿಹ್ನೆ, ಮತ್ತೊಂದು ಬ ಎಂಬ ನಾಲ್ಕು ಸಂಕೇತಗಳ ಸಾಲು. ಎರಡನೆಯ ಬ ಒತ್ತಾಗಿ ಮೊದಲನೆಯದರ ಕೆಳಗೆ ಕೂರಬೇಕಾದರೆ ಈ ಸಂಕೇತಗಳನ್ನು ಒಟ್ಟಿಗೆ ನೋಡಿ ಸರಿಯಾದ ರೂಪ ಆರಿಸುವ ವ್ಯವಸ್ಥೆ ಬೇಕು. ಲಾಟಿ ಪ್ಲೇಯರ್‌ಗಳು ಪ್ರತಿ ಅಕ್ಷರವನ್ನೂ ಬೇರೆಯಾಗಿ ಚಲಿಸುವಂತೆ ಮಾಡಬೇಕಾಗಿರುವುದರಿಂದ ಬರಹವನ್ನು ಬಿಡಿ ಬಿಡಿ ಸಂಕೇತಗಳಾಗಿ ಕತ್ತರಿಸಿ ಒಂದೊಂದಾಗಿ ಬರೆಯುತ್ತವೆ. ಆಗ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಪೂರ್ತಿ ಬ ಆಗಿ ನಿಲ್ಲುತ್ತದೆ. ‘ಶುಭಾಶಯ’ದ ಕೊಂಬು, ದೀರ್ಘಗಳು ಅಕ್ಷರಕ್ಕೆ ಅಂಟದೆ ಬೇರೆಯಾಗಬಹುದು. ಬಾಡಿಮೂವಿನ್‌ನಲ್ಲಿ `Glyphs` ಎಂಬ ಆಯ್ಕೆಯಿದೆ, ಫಾಂಟ್ ಇಲ್ಲದಿದ್ದರೂ ಅಕ್ಷರದ ಆಕಾರವನ್ನು ಕಡತದೊಳಗೇ ಸೇರಿಸುತ್ತದೆ. ಇಂಗ್ಲಿಷಿಗೆ ಅದು ಒಳ್ಳೆಯ ಪರಿಹಾರ. ಆದರೆ ಅದು ಸೇರಿಸುವುದೂ ಬಿಡಿ ಅಕ್ಷರಗಳ ಆಕಾರವನ್ನೇ, ಆದ್ದರಿಂದ ಕನ್ನಡದ ಒತ್ತಕ್ಷರಕ್ಕೆ ಅದರಿಂದ ಉಪಯೋಗವಿಲ್ಲ.

ನಂಬಬಹುದಾದ ದಾರಿ ಎಂದರೆ ಬರಹವನ್ನು ಎಕ್ಸ್‌ಪೋರ್ಟ್‌ಗೆ ಮುಂಚೆಯೇ ಗೆರೆಗಳಾಗಿ ಮಾಡಿಬಿಡುವುದು. ಮೊದಲು ಆಫ್ಟರ್ ಎಫೆಕ್ಟ್ಸ್‌ನಲ್ಲಿಯೇ ಕನ್ನಡ ಸರಿಯಾಗಿ ಕೂಡಬೇಕು. ಅದಕ್ಕೆ ಪ್ರಿಫರೆನ್ಸಸ್‌ನ `Type` ವಿಭಾಗದಲ್ಲಿ `South Asian and Middle Eastern` ಎಂಬ ಬರಹ ಎಂಜಿನ್ ಆರಿಸಿರಬೇಕು. ‘ಹಬ್ಬದ ಶುಭಾಶಯ’ ಪರದೆಯ ಮೇಲೆ ಸರಿಯಾಗಿ ಕಂಡ ನಂತರ ಆ ಪದರದ ಮೇಲೆ ಬಲ ಕ್ಲಿಕ್ ಮಾಡಿ `Create Shapes from Text` ಆರಿಸಿದರೆ ಅಕ್ಷರಗಳ ಅಂಚುಗಳೆಲ್ಲ ಗೆರೆಗಳಾಗಿ ಹೊಸ ಪದರದಲ್ಲಿ ಬರುತ್ತವೆ. ಮೂಲ ಬರಹದ ಪದರ ಮರೆಯಾಗಿ ಉಳಿಯುತ್ತದೆ. ಅದನ್ನು ಅಳಿಸಬೇಡಿ, ನಾಳೆ ಪದ ಬದಲಿಸಬೇಕಾದರೆ ಅದೇ ಬೇಕು. ಬಾಡಿಮೂವಿನ್‌ನ ಸೆಟ್ಟಿಂಗ್ಸ್‌ನಲ್ಲಿ ಮರೆಯಾದ ಪದರಗಳನ್ನು ಸೇರಿಸುವ `Hidden` ಆಯ್ಕೆ ಆಫ್ ಆಗಿದ್ದರೆ ಆ ಪದರ ಕಡತಕ್ಕೆ ಹೋಗುವುದಿಲ್ಲ.

ಇದಕ್ಕೆ ಬೆಲೆಯೂ ಇದೆ. ಗೆರೆಯಾದ ಬರಹವನ್ನು ಆ್ಯಪ್ ಬದಲಿಸಲಾರದು. ‘ಶುಭಾಶಯ’ದ ಮುಂದೆ ಬಳಕೆದಾರರ ಹೆಸರು ಬರಬೇಕಿದ್ದರೆ ಆ ಹೆಸರನ್ನು ಆನಿಮೇಷನ್ನಿನೊಳಗೆ ತುರುಕಲು ಹೋಗದೆ, ಆ್ಯಪ್‌ನ ಸಾಮಾನ್ಯ ಬರಹವಾಗಿ ಹಣತೆಯ ಕೆಳಗೆ ಇಡುವುದು ಮೇಲು. ಫೋನಿನ ಬರಹ ವ್ಯವಸ್ಥೆಗೆ ಕನ್ನಡ ಚೆನ್ನಾಗಿ ಗೊತ್ತು. ಇನ್ನೊಂದು ಮಾತು: ಪರದೆ ಓದಿ ಹೇಳುವ ಸೌಲಭ್ಯ ಬಳಸುವ ದೃಷ್ಟಿಹೀನರಿಗೆ ಗೆರೆಯಾದ ಬರಹ ಕೇಳಿಸುವುದಿಲ್ಲ. ಆ್ಯಪ್ ಬರೆಯುವವರು ಆ ಚಿತ್ರಕ್ಕೆ ವಿವರಣೆಯಾಗಿ ‘ಹಬ್ಬದ ಶುಭಾಶಯ’ ಎಂದು ಬೇರೆಯಾಗಿ ಬರೆದಿಡಬೇಕು. ಇದನ್ನು ಮರೆಯುವವರೇ ಹೆಚ್ಚು, ಮರೆಯಬಾರದು.

ಇನ್ನು ಹಣತೆಯ ಆಕಾರ. ಪಕ್ಕದಿಂದ ನೋಡಿದ ಹಣತೆ ಬಿಡಿಸುವ ಸುಲಭ ಉಪಾಯವೆಂದರೆ ಒಂದು ವೃತ್ತ ಹಾಕಿ, ಮೇಲಿನ ಅರ್ಧದ ಮೇಲೆ ಆಯತ ಇಟ್ಟು, ‘ಮರ್ಜ್ ಪಾತ್ಸ್’ ಎಂಬ ಸಲಕರಣೆಯಿಂದ ಆಯತವನ್ನು ಕಳೆದುಬಿಡುವುದು. ಉಳಿಯುವ ಕೆಳಗಿನ ಅರ್ಧವೇ ಹಣತೆ. ಆಂಡ್ರಾಯ್ಡ್ ಪ್ಲೇಯರ್‌ನಲ್ಲಿ ಈ ಸೌಲಭ್ಯ ಇದೆಯಾದರೂ ತಾನಾಗಿ ಚಾಲೂ ಇರುವುದಿಲ್ಲ, ಐಫೋನ್ ಪ್ಲೇಯರ್‌ನಲ್ಲಿ ಇದಕ್ಕೆ ಬೆಂಬಲವೇ ಇಲ್ಲ. ಕಳೆಯುವ ಸೂಚನೆಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಪಾಲಿಸಿದರೆ ಪೂರ್ತಿ ವೃತ್ತವೂ ಅದರ ಮೇಲ್ಭಾಗವನ್ನು ಮುಚ್ಚಿದ ಆಯತವೂ ಒಂದೇ ಕಂದು ಬಣ್ಣದಲ್ಲಿ ಕಾಣುತ್ತವೆ, ಜ್ವಾಲೆ ಅದರ ಹಿಂದೆ ಅಡಗುತ್ತದೆ. ಕಳೆದು ಹೋಗಬೇಕಾದ ತುಂಡು ಬಣ್ಣ ತುಂಬಿಕೊಂಡು ಎದ್ದು ಕಂಡರೆ ಕಾರಣ ಹೆಚ್ಚಾಗಿ ಇದೇ.

ಆಂಡ್ರಾಯ್ಡ್‌ನಲ್ಲಿ ಇದನ್ನು ಖಚಿತಪಡಿಸಿಕೊಳ್ಳಬಹುದು. ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಈ ಆದೇಶ ಕೊಟ್ಟರೆ ಲಾಟಿ ಪ್ಲೇಯರ್ ಬರೆಯುವ ಟಿಪ್ಪಣಿಗಳು ಮಾತ್ರ ಕಾಣುತ್ತವೆ:

```
adb logcat -s LOTTIE
```

ಮರ್ಜ್ ಪಾತ್ಸ್ ಇದ್ದೂ ಚಾಲೂ ಆಗಿಲ್ಲದಿದ್ದರೆ `Animation contains merge paths but they are disabled.` ಎಂಬ ಸಾಲು ಅಲ್ಲಿ ಬಿದ್ದಿರುತ್ತದೆ. ಡೆವಲಪರ್ ತಮ್ಮ ಕೋಡ್‌ನಲ್ಲಿ ಅದನ್ನು ಆನ್ ಮಾಡಬಹುದು, ಆದರೆ ಅದರಿಂದ ಐಫೋನಿನ ಹಣತೆ ಸರಿಹೋಗುವುದಿಲ್ಲ. ಎರಡು ಫೋನಿಗೂ ಒಂದೇ ಕಡತ ಕಳುಹಿಸುವುದೇ ಲಾಟಿಯ ಉದ್ದೇಶವಾಗಿರುವಾಗ ಮೂಲವನ್ನೇ ತಿದ್ದುವುದು ಸರಿ ಎಂದು ನನ್ನ ಅಭಿಪ್ರಾಯ. ಪೆನ್ ಟೂಲ್‌ನಿಂದ ಅರ್ಧವೃತ್ತವನ್ನೇ ನೇರವಾಗಿ ಎಳೆಯಿರಿ, ಇಲ್ಲವೇ ಇಲಸ್ಟ್ರೇಟರ್‌ನ ಪಾತ್‌ಫೈಂಡರ್‌ನಲ್ಲಿ ಕಳೆದು ಉಳಿದ ಒಂದೇ ಗೆರೆಯನ್ನು ತನ್ನಿ. ಕಳೆಯುವ ತುಂಡು ಪೂರ್ತಿ ಒಳಗಿದ್ದರೆ, ಅಂದರೆ ಬಳೆಯ ಆಕಾರವಾಗಿದ್ದರೆ, ಇನ್ನೂ ಸುಲಭ: ಎರಡೂ ಗೆರೆಗಳನ್ನು ಒಂದೇ ಗುಂಪಿನಲ್ಲಿಟ್ಟು, ಬಣ್ಣ ತುಂಬುವ ನಿಯಮವನ್ನು `Even-Odd` ಮಾಡಿದರೆ ನಡುವೆ ತೂತು ತಾನಾಗಿ ಬರುತ್ತದೆ. ನಮ್ಮ ಹಣತೆಗೆ ಇದು ಒಪ್ಪುವುದಿಲ್ಲ, ಏಕೆಂದರೆ ವೃತ್ತದ ಆಚೆ ಚಾಚಿಕೊಂಡ ಆಯತದ ಮೂಲೆಗಳು ಬಣ್ಣ ತುಂಬಿಕೊಂಡು ಹೊರಗೆ ಉಳಿದುಬಿಡುತ್ತವೆ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಬರಹವನ್ನು ಗೆರೆ ಮಾಡಿದಾಗ ಆಫ್ಟರ್ ಎಫೆಕ್ಟ್ಸ್ ತೂತಿರುವ ಅಕ್ಷರಗಳಿಗೆ ತಾನೇ ಮರ್ಜ್ ಪಾತ್ಸ್ ಸೇರಿಸುತ್ತದೆ. ಹಾಗಾಗಿ ಬರಹವನ್ನು ಸರಿಪಡಿಸಿದ ಮೇಲೂ ಮೇಲಿನ ಎಚ್ಚರಿಕೆ ಬರಬಹುದು. ಅದು ಗೆರೆಗಳನ್ನು ಸುಮ್ಮನೆ ಒಟ್ಟುಗೂಡಿಸುವ `Merge` ಬಗೆಯದಾಗಿದ್ದರೆ ಸಾಮಾನ್ಯವಾಗಿ ತೊಂದರೆ ಕಾಣುವುದಿಲ್ಲ. ಫಾಂಟ್‌ಗಳಲ್ಲಿ ಹೊರಗಿನ ಗೆರೆ ಒಂದು ದಿಕ್ಕಿಗೆ, ಒಳಗಿನದು ಎದುರು ದಿಕ್ಕಿಗೆ ಸುತ್ತುವುದರಿಂದ ತೂತು ತೂತಾಗಿಯೇ ಉಳಿಯುತ್ತದೆ. ಆ ಮರ್ಜ್ ಪಾತ್ಸನ್ನು ಅಳಿಸಿ ನೋಡಿ. ಅಕ್ಷರದ ಹೊಟ್ಟೆ ತುಂಬಿಕೊಳ್ಳದಿದ್ದರೆ ಅದು ಬೇಕಾಗಿಯೇ ಇರಲಿಲ್ಲ ಎಂದರ್ಥ.

ಜ್ವಾಲೆ ಏಕೆ ನಿಂತುಹೋಯಿತು? ಕಂಪ್ಯೂಟರಿನಲ್ಲಿ ಅದನ್ನು ಅಲುಗಾಡಿಸುತ್ತಿದ್ದದ್ದು ಒಂದು ಎಕ್ಸ್‌ಪ್ರೆಷನ್, ಅಂದರೆ ತಿರುಗುವಿಕೆಗೆ ಅಂಟಿಸಿದ ಸಣ್ಣ ಕೋಡ್:

```
wiggle(5, 4)
```

ಸೆಕೆಂಡಿಗೆ ಐದು ಸಲ, ನಾಲ್ಕು ಡಿಗ್ರಿಯವರೆಗೆ ಅತ್ತಿತ್ತ ಅಲುಗು ಎಂದು ಇದರ ಅರ್ಥ. ವೆಬ್ ಪ್ಲೇಯರ್ ಜಾವಾಸ್ಕ್ರಿಪ್ಟ್‌ನಲ್ಲೇ ಬರೆದದ್ದು, ಹೀಗಾಗಿ ಈ ಕೋಡನ್ನು ಓಡಿಸಬಲ್ಲದು. ಆಂಡ್ರಾಯ್ಡ್ ಮತ್ತು ಐಫೋನ್‌ಗಳ ಪ್ಲೇಯರ್‌ಗಳು ಓಡಿಸುವುದಿಲ್ಲ. ಕೋಡ್ ಬಿಟ್ಟು ಕೀಫ್ರೇಮ್‌ನಲ್ಲಿರುವ ಬೆಲೆಯನ್ನಷ್ಟೇ ಓದುತ್ತವೆ. ಕೀಫ್ರೇಮ್ ಇಲ್ಲದಿದ್ದರೆ ಜ್ವಾಲೆ ನೆಟ್ಟಗೆ ನಿಂತುಬಿಡುತ್ತದೆ.

ಆಫ್ಟರ್ ಎಫೆಕ್ಟ್ಸ್‌ನ `Keyframe Assistant`ನಲ್ಲಿ `Convert Expression to Keyframes` ಇದೆ. ಒತ್ತಿದರೆ 90 ಫ್ರೇಮ್‌ಗಳಿಗೂ ಒಂದೊಂದು ಕೀಫ್ರೇಮ್ ಬೀಳುತ್ತದೆ. ಕೆಲಸ ಆಯಿತಾದರೂ ಎರಡು ಕೊರತೆಗಳು ಉಳಿಯುತ್ತವೆ. ಕಡತ ಉಬ್ಬುತ್ತದೆ ಎಂಬುದು ಒಂದು. ಮುಖ್ಯವಾದದ್ದು ಇನ್ನೊಂದು: ಅಲುಗಾಟ ಯಾದೃಚ್ಛಿಕವಾದ್ದರಿಂದ ಮೊದಲ ಮತ್ತು ಕೊನೆಯ ಬೆಲೆಗಳು ಹೊಂದುವುದಿಲ್ಲ, ಆನಿಮೇಷನ್ ಮತ್ತೆ ಮೊದಲಿನಿಂದ ಶುರುವಾಗುವಾಗ ಜ್ವಾಲೆ ಫಕ್ಕನೆ ಜಿಗಿಯುತ್ತದೆ. ಜ್ವಾಲೆಯಂಥದ್ದಕ್ಕೆ ಕೈಯಿಂದ ಏಳೆಂಟು ಕೀಫ್ರೇಮ್ ಹಾಕುವುದೇ ಚೆನ್ನ. ಸೊನ್ನೆ, ಮೂರು, ಮೈನಸ್ ಎರಡು, ನಾಲ್ಕು, ಮೈನಸ್ ಮೂರು ಡಿಗ್ರಿ ಹೀಗೆ ಅಸಮವಾದ ಅಂತರದಲ್ಲಿ ಇಟ್ಟು, ಕೊನೆಯದನ್ನು ಮತ್ತೆ ಸೊನ್ನೆಗೆ ತಂದು 90ನೇ ಫ್ರೇಮಿನ ಮೇಲೆ ಇರಿಸಿ. ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಪರದೆಯ ಮೇಲೆ ಬರುವ ಕೊನೆಯ ಫ್ರೇಮ್ 89. ಸೊನ್ನೆಯ ಬೆಲೆ ಎರಡು ಸಲ ಕಾಣದೆ ಸುತ್ತು ಸಲೀಸಾಗಿ ಕೂಡುತ್ತದೆ.

ಉಳಿದದ್ದು ಬೆಳಕಿನ ವಲಯ. ಹಳದಿ ವೃತ್ತಕ್ಕೆ ಗಾಸಿಯನ್ ಬ್ಲರ್ ಹಚ್ಚಿ ಮಸುಕು ಮಾಡುವುದು ಎಲ್ಲರ ಮೊದಲ ಆಯ್ಕೆ. ಫೋನುಗಳಲ್ಲಿ ಬ್ಲರನ್ನು ನಂಬುವಂತಿಲ್ಲ, ಪ್ಲೇಯರ್ ಯಾವುದು, ಅದರ ಆವೃತ್ತಿ ಯಾವುದು ಎಂಬುದರ ಮೇಲೆ ಫಲ ಬದಲಾಗುತ್ತದೆ. ಬ್ಲರ್ ಬಿಟ್ಟುಹೋದರೆ ಮಸುಕಾದ ಬೆಳಕಿನ ಬದಲು ಗಟ್ಟಿ ಅಂಚಿನ ಹಳದಿ ಬಿಲ್ಲೆ ಕಾಣುತ್ತದೆ. ಅದರ ಬದಲು ಮಧ್ಯದಿಂದ ಅಂಚಿಗೆ ಕರಗುವ ರೇಡಿಯಲ್ ಗ್ರೇಡಿಯಂಟ್ ಬಳಸಬೇಕು. ಎಲ್ಲ ಪ್ಲೇಯರ್‌ಗಳಿಗೂ ಅದು ಗೊತ್ತು.

ಗ್ರೇಡಿಯಂಟ್‌ನಲ್ಲೂ ಒಂದು ಸೂಕ್ಷ್ಮವಿದೆ. ಲಾಟಿ ಕಡತದಲ್ಲಿ ಬಣ್ಣ ಮತ್ತು ಪಾರದರ್ಶಕತೆ ಬೇರೆ ಬೇರೆ ಪಟ್ಟಿಗಳಾಗಿ, ಒಂದರ ಹಿಂದೊಂದು ಒಂದೇ ಸಾಲಿನಲ್ಲಿರುತ್ತವೆ:

```
"g": {"p": 2, "k": {"a": 0, "k":
  [0, 1, 0.8, 0.2,  1, 1, 0.8, 0.2,  0, 1,  1, 0]}}
```

`p` ಎಂದರೆ ಬಣ್ಣದ ನಿಲುಗಡೆಗಳ ಸಂಖ್ಯೆ, ಇಲ್ಲಿ ಎರಡು. ಮೊದಲ ನಾಲ್ಕು ಅಂಕಿಗಳು ಮಧ್ಯದ ಬಣ್ಣ: ಸ್ಥಾನ ಸೊನ್ನೆ, ನಂತರ ಕೆಂಪು, ಹಸಿರು, ನೀಲಿ. ಮುಂದಿನ ನಾಲ್ಕು ಅಂಚಿನ ಬಣ್ಣ. ಕೊನೆಯ ಎರಡು ಜೋಡಿಗಳು ಪಾರದರ್ಶಕತೆ, ಮಧ್ಯದಲ್ಲಿ ಪೂರ್ಣ ಮತ್ತು ಅಂಚಿನಲ್ಲಿ ಸೊನ್ನೆ. ಅಂಚಿನಲ್ಲೂ ಅದೇ ಹಳದಿಯನ್ನು ಇಟ್ಟಿರುವುದನ್ನು ನೋಡಿ. ಹೇಗೂ ಕಾಣುವುದಿಲ್ಲವಲ್ಲ ಎಂದು ಅಲ್ಲಿ ಕಪ್ಪು ಬಿಟ್ಟರೆ ಹಳದಿ ಕರಗುತ್ತಾ ಕಪ್ಪಿನತ್ತ ಸಾಗಿ ಬೆಳಕಿನ ಸುತ್ತ ಕೊಳಕು ಬೂದು ಉಂಗುರ ಮೂಡುತ್ತದೆ. ಇನ್ನೊಂದು, ಪಾರದರ್ಶಕತೆಯ ನಿಲುಗಡೆಗಳು ಬಣ್ಣದ ನಿಲುಗಡೆಗಳ ಸ್ಥಾನದಲ್ಲೇ ಇರಲಿ. ಆಂಡ್ರಾಯ್ಡ್‌ನ ಹಳೆಯ ಪ್ಲೇಯರ್‌ಗಳು ಬಣ್ಣದ ನಿಲುಗಡೆ ಇರುವ ಕಡೆ ಮಾತ್ರ ಪಾರದರ್ಶಕತೆಯನ್ನು ಲೆಕ್ಕ ಹಾಕುತ್ತಿದ್ದವು, ನಡುವೆ ಬೇರೆಯಾಗಿ ಇಟ್ಟ ನಿಲುಗಡೆ ಅಲ್ಲಿ ಕಳೆದುಹೋಗುತ್ತಿತ್ತು. ನಡುವೆ ಬೆಳಕು ಬೇಗ ಕುಗ್ಗಬೇಕೆಂದಿದ್ದರೆ ಅದೇ ಜಾಗದಲ್ಲಿ ಬಣ್ಣದ ನಿಲುಗಡೆಯನ್ನೂ ಒಂದು ಸೇರಿಸಿಬಿಡಿ.

ಇಷ್ಟೆಲ್ಲ ತಿದ್ದಿದ ಮೇಲೆ ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಫೋನಿಗೆ ಹಾಕುವ ಮುನ್ನ ಕಡತವನ್ನೇ ಯಾವುದಾದರೂ ಎಡಿಟರ್‌ನಲ್ಲಿ ತೆರೆದು ಹುಡುಕಿ. `"ty":"mm"` ಸಿಕ್ಕರೆ ಮರ್ಜ್ ಪಾತ್ಸ್ ಎಲ್ಲೋ ಉಳಿದಿದೆ. `$bm_rt` ಸಿಕ್ಕರೆ ಎಕ್ಸ್‌ಪ್ರೆಷನ್ ಉಳಿದಿದೆ, ಬಾಡಿಮೂವಿನ್ ಅವನ್ನು ಆ ಹೆಸರಿನ ಚರದೊಂದಿಗೇ ಬರೆಯುತ್ತದೆ. `"ty":5` ಇದ್ದರೆ ಬರಹದ ಪದರ ಒಳಗಿದೆ. `"ef"` ಇದ್ದರೆ ಬ್ಲರ್‌ನಂಥ ಎಫೆಕ್ಟ್ ಒಂದು ಉಳಿದುಕೊಂಡಿದೆ. `"tt"` ಎಂಬುದು ಒಂದು ಪದರವನ್ನು ಇನ್ನೊಂದರ ಆಕಾರದಲ್ಲಿ ಕತ್ತರಿಸುವ ಮ್ಯಾಟ್‌ನ ಗುರುತು. ಅದು ತಪ್ಪೇನಲ್ಲ, ಆದರೆ ಆಂಡ್ರಾಯ್ಡ್‌ನಲ್ಲಿ ಮ್ಯಾಟ್ ಮತ್ತು ಮಾಸ್ಕ್‌ಗಳಷ್ಟು ಭಾರದ ಕೆಲಸ ಬೇರೆ ಇಲ್ಲ. ಎರಡೂ ಪದರಗಳು ಒಂದರ ಮೇಲೊಂದು ಬೀಳುವ ಜಾಗ ದೊಡ್ಡದಾದಷ್ಟೂ ಭಾರ ಹೆಚ್ಚು. ‘ಶುಭಾಶಯ’ ಎಡದಿಂದ ಬಲಕ್ಕೆ ಮೂಡಲು ಮ್ಯಾಟ್ ಬಳಸಿದ್ದರೆ ಅದು ಬರಹದ ಅಳತೆಯಷ್ಟೇ ಇರಲಿ, ಇಡೀ ಪರದೆಯಷ್ಟು ಬೇಡ. ಕಡಿಮೆ ಬೆಲೆಯ ಫೋನಿನಲ್ಲಿ ಜ್ವಾಲೆ ತಡವರಿಸಿದರೆ ಮೊದಲು ಇಲ್ಲಿ ನೋಡಬೇಕು.

ಪರೀಕ್ಷೆ ಮಾಡುವಾಗ ಲಾಟಿ ತೋರಿಸುವ ಸಿದ್ಧ ಆ್ಯಪ್‌ನಲ್ಲಿ ಚೆನ್ನಾಗಿ ಕಂಡರೆ ಸಾಲದು. ಅದರೊಳಗಿನ ಪ್ಲೇಯರ್ ಹೊಸದಾಗಿರಬಹುದು, ನಿಮ್ಮ ಆ್ಯಪ್‌ನಲ್ಲಿರುವುದು ಎರಡು ವರ್ಷ ಹಳೆಯದಾಗಿರಬಹುದು. ಪ್ಲೇಯರ್ ಬರುವುದು ಫೋನಿನ ಜೊತೆಯಲ್ಲಲ್ಲ, ಆ್ಯಪ್‌ನ ಒಳಗೆ. ಆದ್ದರಿಂದ ಯಾವ ಆವೃತ್ತಿ ಬಳಸುತ್ತಿದ್ದಾರೆಂದು ಡೆವಲಪರ್ ಹತ್ತಿರ ಕೇಳಿ, ಆ ಆ್ಯಪ್‌ನಲ್ಲೇ ಒಂದು ಆಂಡ್ರಾಯ್ಡ್, ಒಂದು ಐಫೋನ್ ಇಟ್ಟುಕೊಂಡು ನೋಡಬೇಕು. ಆಂಡ್ರಾಯ್ಡ್‌ನ ಡೆವಲಪರ್ ಆಯ್ಕೆಗಳಲ್ಲಿ `Animator duration scale` ಎಂಬುದನ್ನು ಆಫ್ ಮಾಡಿ ಇನ್ನೊಮ್ಮೆಯೂ ನೋಡಿ. ಕೆಲವರು ಕಣ್ಣಿಗೆ ಹಿತವಲ್ಲವೆಂದು ಚಲನೆಗಳನ್ನೆಲ್ಲ ನಿಲ್ಲಿಸಿರುತ್ತಾರೆ, ಕೆಲವು ಫೋನುಗಳು ಬ್ಯಾಟರಿ ಉಳಿಸಲು ತಾವೇ ನಿಲ್ಲಿಸುತ್ತವೆ. ಆಗ ಪ್ಲೇಯರ್ ಆನಿಮೇಷನ್ನನ್ನು ಓಡಿಸದೆ ನೇರ ಕೊನೆಯ ಫ್ರೇಮಿಗೆ ಹೋಗುತ್ತದೆ. ಕೊನೆಯಲ್ಲಿ ಎಲ್ಲವೂ ಮಾಯವಾಗುವಂತೆ ಮಾಡಿದ್ದರೆ ಅಂಥವರಿಗೆ ಬರೀ ಖಾಲಿ ಜಾಗ ಕಾಣುತ್ತದೆ. ಮಾಯವಾಗಿಸುವ ಕೆಲಸವನ್ನು ಆ್ಯಪ್‌ನ ಕೋಡ್‌ಗೆ ಬಿಟ್ಟು, ಕಡತದ ಕೊನೆಯ ಫ್ರೇಮಿನಲ್ಲಿ ಹಣತೆ ಮತ್ತು ಬರಹ ಪೂರ್ತಿಯಾಗಿ ಇರುವಂತೆ ನೋಡಿಕೊಳ್ಳಿ.